ಪ್ರೊಸೆಸ್ಡ್ ಚೀಸ್ ನುಣ್ಣಗೆ ಕರಗುವುದು ಏಕೆ?

ಕಾದ ಕಾವಲಿಯ ಮೇಲೆ ಪಕ್ಕಪಕ್ಕದಲ್ಲಿ ಎರಡು ತುಂಡು ಚೀಸ್ ಇಡಿ. ಒಂದು ಡಬ್ಬಿಯಲ್ಲೋ ಕ್ಯೂಬಿನಲ್ಲೋ ಬರುವ ಪ್ರೊಸೆಸ್ಡ್ ಚೀಸ್, ಇನ್ನೊಂದು ಹಾಲಿನಿಂದ ನೇರವಾಗಿ ಮಾಡಿ ಹಣ್ಣಾಗಿಸಿದ ಚೆಡ್ಡಾರ್. ಮೊದಲನೆಯದು ಅಂಚಿನಿಂದ ಮೆತ್ತಗಾಗುತ್ತಾ ಹೊಳಪಿನ ಗಟ್ಟಿ ಸಾರಿನಂತೆ ಹರಡುತ್ತದೆ. ಎರಡನೆಯದು ಕರಗುತ್ತದೆ ನಿಜ, ಆದರೆ ಸ್ವಲ್ಪ ಹೊತ್ತಿಗೆ ಸುತ್ತಲೂ ಹಳದಿ ಎಣ್ಣೆ ಬಿಟ್ಟು ನಡುವೆ ರಬ್ಬರಿನಂಥ ಮುದ್ದೆಯಾಗುತ್ತದೆ. ಅದೇ ಜಾಗದಲ್ಲಿ ಮೊಝರೆಲ್ಲಾ ಇದ್ದರೆ ನೂಲು ನೂಲಾಗಿ ಎಳೆದು ಬರುತ್ತದೆ.

ಮೂರೂ ಹಾಲಿನಿಂದಲೇ ಬಂದವು. ಪ್ರೊಸೆಸ್ಡ್ ಚೀಸ್‌ನ ಮುಖ್ಯ ಕಚ್ಚಾವಸ್ತು ಕೂಡ ಸಾಮಾನ್ಯ ಚೀಸ್‌ ಅಷ್ಟೇ. ಅದು ನುಣ್ಣಗೆ ಕರಗುವುದಕ್ಕೆ ಪ್ಲಾಸ್ಟಿಕ್ ಕಾರಣ ಎಂದು ವಾಟ್ಸಾಪ್‌ನಲ್ಲಿ ಓಡಾಡುವ ಮಾತು ಸುಳ್ಳು. ವ್ಯತ್ಯಾಸ ಇರುವುದು ಕ್ಯಾಲ್ಸಿಯಂನಲ್ಲಿ: ಅದು ಚೀಸ್‌ನೊಳಗೆ ಯಾವುದಕ್ಕೆ ಅಂಟಿಕೊಂಡಿದೆ ಎನ್ನುವುದರಲ್ಲಿ.

ಚೀಸ್‌ನೊಳಗಿನ ಕಟ್ಟಡ

ಹಾಲಿನ ಪ್ರೋಟೀನ್‌ನಲ್ಲಿ ಸುಮಾರು ಶೇಕಡಾ 80 ಭಾಗ ಕೇಸೀನ್. ಅದು ಹಾಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ತೇಲುತ್ತಿರುತ್ತದೆ. ಉಂಡೆಯ ಹೊರಮೈಯಲ್ಲಿ ನೀರನ್ನು ಇಷ್ಟಪಡುವ ಕೂದಲಿನಂಥ ಪದರವಿದ್ದು, ಅದು ಒಂದು ಉಂಡೆ ಇನ್ನೊಂದಕ್ಕೆ ಅಂಟದಂತೆ ತಡೆಯುತ್ತದೆ. ಚೀಸ್ ಮಾಡುವವರು ಹಾಲಿಗೆ ಹಾಕುವ ರೆನ್ನೆಟ್ ಎಂಬ ಕಿಣ್ವ ಈ ಪದರವನ್ನು ಕತ್ತರಿಸಿಬಿಡುತ್ತದೆ. ರಕ್ಷಣೆ ಕಳೆದುಕೊಂಡ ಉಂಡೆಗಳು ಒಂದಕ್ಕೊಂದು ಅಂಟಿ ಜಾಲವಾಗುತ್ತವೆ. ಆ ಜಾಲವನ್ನು ಬಿಗಿಯಾಗಿ ಹಿಡಿದಿಡುವ ಕೊಂಡಿಗಳೇ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್.

ಕೊಬ್ಬು ಮತ್ತು ನೀರು ಈ ಜಾಲದ ಕಣ್ಣುಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಚೆಡ್ಡಾರ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಕೊಬ್ಬು, ಅದಕ್ಕಿಂತ ತುಸು ಹೆಚ್ಚು ನೀರು, ಕಾಲುಭಾಗ ಪ್ರೋಟೀನ್. ಕೊಬ್ಬು ಪ್ರೋಟೀನ್‌ಗೆ ಬೆಸೆದುಕೊಂಡಿಲ್ಲ, ಅದರ ನಡುವೆ ಬಂದಿಯಾಗಿದೆ ಅಷ್ಟೇ. ಎಣ್ಣೆ ಬಿಡುವ ತಕರಾರೆಲ್ಲ ಇಲ್ಲಿಂದಲೇ ಶುರು.

ಬಿಸಿ ತಾಗಿದಾಗ

ಚೀಸ್ ಕರಗುವುದು ಬೆಣ್ಣೆ ಕರಗಿದಂತೆ ಒಂದೇ ಹಂತದಲ್ಲಿ ಅಲ್ಲ. ಮೊದಲು ಹಾಲಿನ ಕೊಬ್ಬು ಕರಗುತ್ತದೆ. ಸುಮಾರು 40 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದೆಲ್ಲ ಎಣ್ಣೆಯಾಗಿರುತ್ತದೆ, ಚೀಸ್ ಮಾತ್ರ ಇನ್ನೂ ಆಕಾರ ಬಿಟ್ಟಿರುವುದಿಲ್ಲ, ಮೇಲೆ ಬೆವರಿದಂತೆ ಕಾಣುತ್ತದೆ. ಬಿಸಿ ಇನ್ನೂ ಏರಿದರೆ ಪ್ರೋಟೀನ್ ಜಾಲದ ಹಿಡಿತ ಸಡಿಲವಾಗಿ ಚೀಸ್ ಹರಿಯತೊಡಗುತ್ತದೆ. ಮೊಝರೆಲ್ಲಾದಂಥ ಮೆದು, ನೀರು ಹೆಚ್ಚಿರುವ ಚೀಸ್‌ನಲ್ಲಿ ಇದು ಸುಮಾರು 55 ಡಿಗ್ರಿಯಲ್ಲಿ, ಚೆಡ್ಡಾರ್‌ನಲ್ಲಿ 65ರ ಆಸುಪಾಸಿನಲ್ಲಿ, ಒಣಗಿದ ಪಾರ್ಮೆಸಾನ್‌ನಲ್ಲಿ 80 ದಾಟಿದ ಮೇಲೆ.

ಇಲ್ಲಿಗೇ ಉರಿ ನಿಲ್ಲಿಸಿದರೆ ಯಾವ ಚೀಸೂ ಚೆನ್ನಾಗಿಯೇ ಕಾಣುತ್ತದೆ. ಆದರೆ ಕಾವಲಿ ನಿಲ್ಲುವುದಿಲ್ಲ. ಬಿಸಿ ಹೆಚ್ಚಿದಂತೆ ಕೇಸೀನ್ ಅಣುಗಳ ನೀರು ಒಲ್ಲದ ಭಾಗಗಳು ಒಂದನ್ನೊಂದು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತವೆ, ಕ್ಯಾಲ್ಸಿಯಂ ಕೊಂಡಿಗಳು ಅವನ್ನು ಹತ್ತಿರಕ್ಕೆ ಎಳೆದಿಡುತ್ತವೆ. ಜಾಲ ಕುಗ್ಗುತ್ತದೆ. ಒದ್ದೆ ಬಟ್ಟೆ ಹಿಂಡಿದಾಗ ನೀರು ಸುರಿದಂತೆ, ಕರಗಿದ್ದ ಕೊಬ್ಬೂ ನೀರೂ ಹೊರಬೀಳುತ್ತವೆ. ನೀರು ಆವಿಯಾಗಿ ಹೋಗುತ್ತದೆ, ಎಣ್ಣೆ ತಟ್ಟೆಯಲ್ಲಿ ಉಳಿಯುತ್ತದೆ, ಪ್ರೋಟೀನ್ ಗಟ್ಟಿ ಮುದ್ದೆಯಾಗುತ್ತದೆ. ಇದಾದ ಮೇಲೆ ಎಷ್ಟು ಕಲಕಿದರೂ ಅದು ತಾನಾಗಿ ಒಂದಾಗುವುದಿಲ್ಲ.

ನೂಲು ಎಳೆಯುವುದೂ ಕ್ಯಾಲ್ಸಿಯಂನ ಕೆಲಸವೇ

ಮೊಝರೆಲ್ಲಾ ಮಾಡುವಾಗ ಗಿಣ್ಣಿನಂಥ ಮೊಸರುಗಡ್ಡೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಎಳೆದು ಮಡಚುತ್ತಾರೆ. ಹಾಗೆ ಎಳೆದಾಗ ಕೇಸೀನ್ ಒಂದೇ ದಿಕ್ಕಿಗೆ ಸಾಲುಗಟ್ಟಿ ನಾರಾಗುತ್ತದೆ. ಆದರೆ ಎಲ್ಲ ಗಡ್ಡೆಯೂ ಎಳೆಯಲು ಬರುವುದಿಲ್ಲ, ಅದಕ್ಕೆ ಹುಳಿಯ ಹದ ಬೇಕು. ಪಿಎಚ್ 5.2–5.3ರ ಹತ್ತಿರ ಬಂದಾಗ, ಹುಳಿಗೆ ಕರಗಿ ಒಂದಷ್ಟು ಕ್ಯಾಲ್ಸಿಯಂ ಹೊರಟುಹೋಗಿರುತ್ತದೆ, ಒಂದಷ್ಟು ಉಳಿದಿರುತ್ತದೆ. ಉಳಿದದ್ದು ಎಳೆಗಳನ್ನು ಕಡಿಯದಂತೆ ಹಿಡಿದರೆ, ಹೋದದ್ದು ಅವು ಜಾರಲು ಜಾಗ ಕೊಡುತ್ತದೆ. ಹುಳಿ ಸಾಲದಿದ್ದರೆ ಗಡ್ಡೆ ಹರಿದು ಚೂರಾಗುತ್ತದೆ, ಹುಳಿ ಮೀರಿದರೆ ನೂಲು ಬರದೆ ಮೆದುವಾಗುತ್ತದೆ.

ಚೀಸ್‌ನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ತಿಂಗಳುಗಟ್ಟಲೆ ಹಣ್ಣಾಗುವ ಚೀಸ್‌ನಲ್ಲಿ ಕಿಣ್ವಗಳು ಉದ್ದದ ಪ್ರೋಟೀನ್ ಎಳೆಗಳನ್ನು ತುಂಡು ಮಾಡುತ್ತಾ ಹೋಗುತ್ತವೆ. ಆದ್ದರಿಂದ ಎಳೆಯ ಚೀಸ್ ನೂಲು ಬಿಡುತ್ತದೆ, ಹಳೆಯದು ನೂಲು ಬಿಡದೆ ಎಣ್ಣೆ ಬಿಡುತ್ತದೆ.

ಪನ್ನೀರಿನ ಕಥೆ ಬೇರೆ. ಕುದಿಯುವ ಹತ್ತಿರಕ್ಕೆ ಕಾಯಿಸಿದ ಹಾಲಿನಲ್ಲಿ ಹಾಲೊಡಕಿನ ಪ್ರೋಟೀನ್‌ಗಳೂ ಕೇಸೀನ್‌ಗೆ ಅಂಟಿಕೊಂಡಿರುತ್ತವೆ, ಆಮೇಲೆ ನಿಂಬೆಹುಳಿಯಿಂದ ಒಡೆಯುತ್ತಾರೆ. ಹೀಗೆ ಬಿಸಿ ಮತ್ತು ಹುಳಿಯಿಂದ ಕಟ್ಟಿದ ಗಟ್ಟಿ ಮತ್ತೆ ಬಿಸಿಗೆ ಸಡಿಲುವುದಿಲ್ಲ. ಅದಕ್ಕೇ ಪನ್ನೀರು ತವಾ ಮೇಲೆ ಕೆಂಪಾಗುತ್ತದೆ, ಕರಗುವುದಿಲ್ಲ.

1911, ಸ್ವಿಟ್ಜರ್ಲೆಂಡಿನ ಥೂನ್

ಎಣ್ಣೆ ಬಿಡುವ ತಕರಾರಿಗೆ ಮೊದಲ ಪರಿಹಾರ ಕಂಡುಕೊಂಡವರು ಥೂನ್ ಪಟ್ಟಣದ ಗೆರ್ಬರ್ ಕಂಪನಿಯ ವಾಲ್ಟರ್ ಗೆರ್ಬರ್ ಮತ್ತು ಫ್ರಿಟ್ಸ್ ಸ್ಟೆಟ್ಲರ್. ಅವರಿಗೆ ಬೇಕಿದ್ದದ್ದು ನುಣುಪಲ್ಲ, ಬಾಳಿಕೆ. ಸ್ವಿಸ್ ಎಮೆಂಟಾಲ್ ಚೀಸ್ ಬಿಸಿಲಿನ ದೇಶಗಳಿಗೆ ಹೋಗುವಷ್ಟರಲ್ಲಿ ಕೆಡುತ್ತಿತ್ತು. ಬರೇ ಕಾಯಿಸಿ ಕೀಟಾಣು ಕೊಂದರೆ ಎಣ್ಣೆ ಒಡೆಯುತ್ತದೆ. ಅವರು ಚೂರು ಮಾಡಿದ ಎಮೆಂಟಾಲ್‌ಗೆ ಸೋಡಿಯಂ ಸಿಟ್ರೇಟ್ ಹಾಕಿ ಕಾಯಿಸಿದಾಗ ಒಡೆಯದ, ನುಣ್ಣನೆ ದ್ರವ ಬಂತು. ಆರಿದ ಮೇಲೆ ಅಷ್ಟೇ ನುಣ್ಣಗೆ ಗಟ್ಟಿಯಾಯಿತು.

ಆ ನಾಡಿನಲ್ಲಿ ಫಾಂಡ್ಯೂ ಮಾಡುವವರು ಕರಗಿಸಿದ ಚೀಸ್‌ಗೆ ವೈನ್ ಸುರಿಯುತ್ತಾರೆ. ವೈನ್‌ನ ಆಮ್ಲಗಳೂ ಕ್ಯಾಲ್ಸಿಯಂ ಅನ್ನು ಹಿಡಿಯುವ ಜಾತಿಯವೇ. ಅಡುಗೆಮನೆಯಲ್ಲಿ ಅರ್ಧ ನಡೆಯುತ್ತಿದ್ದ ಕೆಲಸವನ್ನು ಥೂನ್‌ನವರು ಪೂರ್ತಿ ಮಾಡಿದರು ಎನ್ನಬಹುದು.

ಅಮೆರಿಕದಲ್ಲಿ ಜೇಮ್ಸ್ ಎಲ್. ಕ್ರಾಫ್ಟ್ 1916ರಲ್ಲಿ ಚೆಡ್ಡಾರ್ ಅನ್ನು ಕಲಕುತ್ತಾ ಕಾಯಿಸಿ ಡಬ್ಬಿಗೆ ತುಂಬುವ ವಿಧಾನಕ್ಕೆ ಪೇಟೆಂಟ್ ಪಡೆದರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ಇಂಥ ಡಬ್ಬಿ ಚೀಸನ್ನು ಕೊಂಡಿತು. ಸಿಟ್ರೇಟ್ ಜೊತೆಗೆ ಫಾಸ್ಫೇಟ್ ಲವಣಗಳೂ ಮುಂದೆ ಬಳಕೆಗೆ ಬಂದವು.

ಆ ಉಪ್ಪು ಮಾಡುವುದೇನು

ಸಿಟ್ರೇಟ್ ಮತ್ತು ಫಾಸ್ಫೇಟ್‌ಗಳಿಗೆ ಕ್ಯಾಲ್ಸಿಯಂ ಮೇಲೆ ಬಲು ಆಸೆ. ನೀರು, ಬಿಸಿ, ಕಲಕುವಿಕೆ ಸಿಕ್ಕರೆ ಅವು ಕೇಸೀನ್‌ನಿಂದ ಕ್ಯಾಲ್ಸಿಯಂ ಕಿತ್ತುಕೊಂಡು ಆ ಜಾಗಕ್ಕೆ ತಮ್ಮ ಸೋಡಿಯಂ ಬಿಡುತ್ತವೆ. ಕ್ಯಾಲ್ಸಿಯಂ ಒಂದೇ ಕಾಲಕ್ಕೆ ಎರಡು ಕಡೆ ಹಿಡಿಯಬಲ್ಲದು, ಅದಕ್ಕೇ ಕೊಂಡಿಯಾಗುತ್ತದೆ. ಸೋಡಿಯಂಗೆ ಒಂದೇ ಕೈ, ಅದು ಇನ್ನೊಂದು ಎಳೆಯನ್ನು ಹಿಡಿಯಲಾರದು. ಹೀಗೆ ಕೊಂಡಿ ಕಳಚಿದ ಜಾಲ ಬಿಚ್ಚಿಕೊಂಡು ಕೇಸೀನ್ ನೀರಿನಲ್ಲಿ ಬೆರೆಯುತ್ತದೆ.

ಎರಡನೆಯ ಲಾಭ ಇದಕ್ಕಿಂತ ದೊಡ್ಡದು. ಬಿಡುಗಡೆಯಾದ ಕೇಸೀನ್ ಎಳೆಯ ಒಂದು ಭಾಗ ಕೊಬ್ಬಿಗೆ ಅಂಟುತ್ತದೆ, ಇನ್ನೊಂದು ನೀರಿಗೆ. ಕರಗಿದ ಕೊಬ್ಬಿನ ಪ್ರತಿ ಹನಿಗೂ ಅದು ಕವಚ ಕಟ್ಟುತ್ತದೆ. ಸಹಜ ಚೀಸ್‌ನಲ್ಲಿ ಬಂದಿಯಾಗಿದ್ದ ಕೊಬ್ಬು ಇಲ್ಲಿ ಸಣ್ಣ ಸಣ್ಣ ಹನಿಯಾಗಿ ನೀರಿನಲ್ಲಿ ತೇಲುತ್ತದೆ. ಮತ್ತೆ ಬಿಸಿ ಮಾಡಿದಾಗ ಹಿಂಡುವ ಜಾಲವೇ ಇಲ್ಲವಾದ್ದರಿಂದ ಎಣ್ಣೆ ಹೊರಬರುವುದಿಲ್ಲ, ಎಳೆಯುವ ಉದ್ದನೆ ನಾರಿಲ್ಲವಾದ್ದರಿಂದ ನೂಲೂ ಬರುವುದಿಲ್ಲ. ಆ ಉಪ್ಪನ್ನು ಎಮಲ್ಸಿಫೈಯಿಂಗ್ ಸಾಲ್ಟ್ ಎಂದು ಕರೆಯುತ್ತಾರಾದರೂ ಕೊಬ್ಬನ್ನು ಹಿಡಿದಿಡುವುದು ಉಪ್ಪಲ್ಲ, ಕೇಸೀನ್.

ಕಾರ್ಖಾನೆಯಲ್ಲಿ ಎಳೆಯ ಚೀಸ್ ಮತ್ತು ಹಣ್ಣಾದ ಚೀಸ್ ಬೆರೆಸಿ, ತುರಿದು, ಶೇಕಡಾ 2ರಿಂದ 3ರಷ್ಟು ಈ ಲವಣ ಮತ್ತು ನೀರು ಸೇರಿಸಿ, 70ರಿಂದ 95 ಡಿಗ್ರಿಯಲ್ಲಿ ಕೆಲವು ನಿಮಿಷ ಕಲಕುತ್ತಾರೆ. ಎಳೆಯದು ಕಸುವು ಕೊಡುತ್ತದೆ, ಹಳೆಯದು ರುಚಿ. ಕೊನೆಯ ಪಿಎಚ್ 5.6ರಿಂದ 5.9ರೊಳಗೆ ನಿಲ್ಲಬೇಕು. ಅದಕ್ಕಿಂತ ಬಹಳ ಇಳಿದರೆ ಚೀಸ್ ಮರಳುಮರಳಾಗಿ ಎಣ್ಣೆ ಒಡೆಯುತ್ತದೆ, ಏರಿದರೆ ಸೋಪಿನ ರುಚಿ ಬಂದು ಬೇಗ ಕೆಡುತ್ತದೆ. ತೀರ ಹೆಚ್ಚು ಹೊತ್ತು ಕಲಕಿದರೂ ಕೆಲಸ ಕೆಡುತ್ತದೆ: ಪ್ರೋಟೀನ್ ಮತ್ತೆ ಒತ್ತೊತ್ತಾಗಿ ಸೇರಿ ಪುಡ್ಡಿಂಗ್‌ನಂತೆ ಬಿಗಿಯುತ್ತದೆ.

ಮನೆಯಲ್ಲಿ ಮಾಡಿ ನೋಡಲು

ಸೋಡಿಯಂ ಸಿಟ್ರೇಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಿಗದಿದ್ದರೆ ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ಹರಳು, ಮತ್ತು ಅಡುಗೆ ಸೋಡಾ ಸೇರಿಸಿ ಮಾಡಿಕೊಳ್ಳಬಹುದು. 200 ಗ್ರಾಂ ಚೆಡ್ಡಾರ್‌ಗೆ 5 ಗ್ರಾಂ ಸಿಟ್ರೇಟ್ ಬೇಕು. ಅದಕ್ಕೆ ಸುಮಾರು 3.5 ಗ್ರಾಂ ನಿಂಬೆ ಉಪ್ಪು ಮತ್ತು 4.2 ಗ್ರಾಂ ಸೋಡಾ. ಬೇಕಿಂಗ್ ಪೌಡರ್ ಬೇಡ, ಅದರಲ್ಲಿ ಹಿಟ್ಟೂ ಆಮ್ಲವೂ ಬೆರೆತಿರುತ್ತವೆ.

ಸ್ವಲ್ಪ ದೊಡ್ಡ ಪಾತ್ರೆಯಲ್ಲಿ 120 ಮಿ.ಲೀ. ನೀರಿಗೆ ನಿಂಬೆ ಉಪ್ಪು ಕರಗಿಸಿ, ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ಏಕೆಂದರೆ ನೊರೆ ಉಕ್ಕುತ್ತದೆ. ಗುಳ್ಳೆ ನಿಂತ ಮೇಲೆ ಒಂದು ಹನಿ ನಾಲಿಗೆಗೆ ಮುಟ್ಟಿಸಿ. ಹುಳಿಯಾಗಿದ್ದರೆ ಇನ್ನೊಂದು ಚಿಟಿಕೆ ಸೋಡಾ ಬೇಕು, ಸೋಪಿನಂತಿದ್ದರೆ ಸೋಡಾ ಮೀರಿದೆ. ಬರೇ ತೆಳು ಉಪ್ಪಿನ ರುಚಿ ಇರಬೇಕು. ಇದನ್ನು ಸಣ್ಣ ಉರಿಯಲ್ಲಿ ಹಬೆಯಾಡುವಂತೆ ಕಾಯಿಸಿ, ತುರಿದ ಚೀಸನ್ನು ಒಂದೊಂದು ಹಿಡಿ ಹಾಕುತ್ತಾ ಬಿಡದೆ ಕಲಕಿ. ಮೊದಲ ಹಿಡಿಗಳು ಮುದ್ದೆಕಟ್ಟಿದಂತೆ ಕಂಡರೂ ಹೆದರಬೇಡಿ, ಸಿಟ್ರೇಟ್‌ಗೆ ಕೆಲಸ ಮಾಡಲು ಒಂದೆರಡು ನಿಮಿಷ ಬೇಕು. ಮೇಲೆ ಎಣ್ಣೆಯ ಕಣ್ಣುಗಳು ಉಳಿದರೆ ಲವಣ ಸಾಲದು ಅಥವಾ ಬಿಸಿ ಸಾಲದು.

ಪಕ್ಕದಲ್ಲೇ ಅಷ್ಟೇ ಚೀಸನ್ನು ಬರೇ ನೀರಿನಲ್ಲಿ ಕಾಯಿಸಿ ನೋಡಿ. ಅಲ್ಲಿ ನೀರು ಒಂದು ಕಡೆ, ಎಣ್ಣೆ ಒಂದು ಕಡೆ, ನಡುವೆ ನಾರಿನ ಮುದ್ದೆ. ಇದಕ್ಕಿಂತ ಸ್ಪಷ್ಟವಾದ ಪಾಠ ಪುಸ್ತಕದಲ್ಲಿ ಸಿಗದು.

ಲೇಬಲ್ ಓದುವಾಗ

ನಮ್ಮ ಅಂಗಡಿಯ ಪ್ಯಾಕೆಟ್‌ಗಳ ಮೇಲೆ ಈ ಲವಣಗಳು ಸಂಖ್ಯೆಯ ರೂಪದಲ್ಲಿ ಇರುತ್ತವೆ: INS 331 ಸೋಡಿಯಂ ಸಿಟ್ರೇಟ್, INS 339 ಸೋಡಿಯಂ ಫಾಸ್ಫೇಟ್, INS 452 ಪಾಲಿಫಾಸ್ಫೇಟ್. ಇವು ಇರುವುದರಿಂದ ಅದು ನಕಲಿ ಚೀಸ್ ಆಗುವುದಿಲ್ಲ. ಆದರೆ ಪದಾರ್ಥಗಳ ಪಟ್ಟಿಯಲ್ಲಿ ಚೀಸ್‌ಗಿಂತ ಮೊದಲು ಪಾಮ್ ಎಣ್ಣೆಯೋ ಪಿಷ್ಟವೋ ಬಂದರೆ ಅದು ಬೇರೆಯೇ ವಸ್ತು.

ನೂಲು ಬೇಕಾದ ಪಿಜ್ಜಾಗೆ ಮೊಝರೆಲ್ಲಾ ತನ್ನಿ. ಚೀಸ್ ದೋಸೆಗೆ, ಸ್ಯಾಂಡ್‌ವಿಚ್‌ಗೆ ಕ್ಯೂಬಿನ ಚೀಸೇ ಸರಿ. ಚೀಸ್‌ನಲ್ಲಿರುವ ಉಪ್ಪಿನ ಮೇಲೆ ಈ ಲವಣಗಳ ಸೋಡಿಯಂ ಕೂಡ ಸೇರುವುದರಿಂದ ರಕ್ತದೊತ್ತಡ ಇರುವವರು ಪ್ರಮಾಣದ ಮೇಲೆ ಕಣ್ಣಿಡಬೇಕು. ಮೂತ್ರಪಿಂಡದ ತೊಂದರೆಯುಳ್ಳವರಿಗೆ ಇನ್ನೂ ಒಂದು ಎಚ್ಚರಿಕೆ ಇದೆ: ಸೇರಿಸಿದ ಫಾಸ್ಫೇಟ್ ಆಹಾರದ ಸಹಜ ರಂಜಕಕ್ಕಿಂತ ಹೆಚ್ಚು ಸುಲಭವಾಗಿ ದೇಹಕ್ಕೆ ಇಳಿಯುತ್ತದೆ. ಅಂಥವರು 339, 452 ಎಂಬ ಸಂಖ್ಯೆಗಳನ್ನು ನೋಡಿ, ವೈದ್ಯರನ್ನು ಕೇಳಿಯೇ ಕೊಳ್ಳಬೇಕು.