ವಿಶಾಲಕೋನ ಮಸೂರದ ವಿರೂಪ ತಿದ್ದುವಿಕೆ (ಚಿತ್ರ ಸಂಯೋಜನೆ)

ವಿಶಾಲಕೋನ ಮಸೂರದ ವಿರೂಪ ತಿದ್ದುವಿಕೆ ಎಂದರೆ, ವಿಶಾಲಕೋನ ಮಸೂರದಿಂದ ತೆಗೆದ ಛಾಯಾಚಿತ್ರದಲ್ಲಿ ಬಾಗಿ ಕಾಣುವ ಸರಳರೇಖೆಗಳನ್ನು ಗಣಿತದ ನೆರವಿನಿಂದ ಮತ್ತೆ ನೇರಗೊಳಿಸುವ ವಿಧಾನ. ಒಂದು ಚಿತ್ರದ ವಸ್ತುವನ್ನು ಕತ್ತರಿಸಿ ಇನ್ನೊಂದು ದೃಶ್ಯಕ್ಕೆ ಅಂಟಿಸುವ ಮೊದಲು ಈ ತಿದ್ದುವಿಕೆ ನಡೆಯಬೇಕು. ಹಾಗೆ ಮಾಡದಿದ್ದರೆ ಅಂಟಿಸಿದ ವಸ್ತುವಿನ ಅಂಚುಗಳು ಸುತ್ತಲಿನ ನೆಲ, ಗೋಡೆಗಳ ರೇಖೆಗಳೊಡನೆ ಹೊಂದುವುದಿಲ್ಲ. ಬೆಳಕು, ನೆರಳು, ಬಣ್ಣಗಳನ್ನು ಎಷ್ಟು ಸರಿಪಡಿಸಿದರೂ ವಸ್ತು ಅಲ್ಲಿಗೆ ಸೇರಿದ್ದಲ್ಲವೆಂದು ತೋರುತ್ತದೆ.

## ವಿರೂಪದ ಎರಡು ಬಗೆ

ವಿಶಾಲಕೋನದ ಚಿತ್ರಗಳಲ್ಲಿ ಎರಡು ಬೇರೆ ಬೇರೆ ದೋಷಗಳು ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಇವುಗಳನ್ನು ಒಂದೇ ಎಂದು ಭಾವಿಸುವುದೇ ಅನೇಕ ಸಂಯೋಜನೆಗಳು ಕೆಡಲು ಕಾರಣ.

ಮೊದಲನೆಯದು ಪೀಪಾಯಿ ವಿರೂಪ. ಮಸೂರವು ಚಿತ್ರದ ಅಂಚಿನ ಭಾಗಗಳನ್ನು ಕೇಂದ್ರದ ಭಾಗಕ್ಕಿಂತ ತುಸು ಕಡಿಮೆ ಹಿಗ್ಗಿಸುವುದರಿಂದ ನೇರವಾದ ರೇಖೆಗಳು ಪೀಪಾಯಿಯ ಪಕ್ಕೆಗಳಂತೆ ಹೊರಕ್ಕೆ ಉಬ್ಬುತ್ತವೆ. ಕೇಂದ್ರದ ಮೂಲಕ ಹಾದುಹೋಗುವ ರೇಖೆ ಮಾತ್ರ ನೇರವಾಗಿಯೇ ಉಳಿಯುತ್ತದೆ. ಇದು ಮಸೂರದ ರಚನೆಯಿಂದ ಬರುವ ದೋಷ.

ಎರಡನೆಯದು ಅಂಚಿನ ಹಿಗ್ಗುವಿಕೆ. ರೇಖೆಗಳನ್ನು ನೇರವಾಗಿಯೇ ತೋರಿಸುವ ಮಸೂರವೂ ಅಂಚಿನಲ್ಲಿರುವ ವಸ್ತುಗಳನ್ನು ಹೊರಮುಖವಾಗಿ ಎಳೆದಂತೆ ತೋರಿಸುತ್ತದೆ. 36×24 ಮಿ.ಮೀ. ಸಂವೇದಕದ ಮೇಲೆ 18 ಮಿ.ಮೀ. ಮಸೂರವನ್ನು ಬಳಸಿದಾಗ ಎಡ-ಬಲ ಅಂಚುಗಳು ಮಧ್ಯರೇಖೆಯಿಂದ 45 ಡಿಗ್ರಿ ದೂರದಲ್ಲಿರುತ್ತವೆ. ಅಲ್ಲಿರುವ ಸಣ್ಣ ಚೆಂಡಿನ ಉದ್ದ ಅದರ ಅಗಲದ ಸುಮಾರು 1.4 ಪಟ್ಟು ಕಾಣುತ್ತದೆ. ಇದು ಮಸೂರದ ದೋಷವಲ್ಲ. ವಿಸ್ತಾರವಾದ ನೋಟವನ್ನು ಸಪಾಟಾದ ತಲದ ಮೇಲೆ ಮೂಡಿಸುವುದರ ಫಲ. ಪೀಪಾಯಿ ವಿರೂಪವನ್ನು ತಿದ್ದಿದಾಗ ಈ ಹಿಗ್ಗುವಿಕೆ ಕಡಿಮೆಯಾಗುವುದಿಲ್ಲ, ಬದಲಾಗಿ ತುಸು ಹೆಚ್ಚುತ್ತದೆ.

## ಕತ್ತರಿಸುವ ಮೊದಲೇ ಏಕೆ

ಪೀಪಾಯಿ ವಿರೂಪದ ಪ್ರಮಾಣವು ಚಿತ್ರದ ಕೇಂದ್ರದಿಂದ ಇರುವ ದೂರವನ್ನು ಅವಲಂಬಿಸಿದೆ. ವಸ್ತುವನ್ನು ಕತ್ತರಿಸಿದ ಮೇಲೆ ಅದು ಮೂಲ ಚಿತ್ರದಲ್ಲಿ ಕೇಂದ್ರದಿಂದ ಎಷ್ಟು ದೂರದಲ್ಲಿತ್ತು ಎಂಬ ಮಾಹಿತಿ ಕಳೆದುಹೋಗುತ್ತದೆ. ಆಗ ತಂತ್ರಾಂಶವು ಕತ್ತರಿಸಿದ ತುಣುಕಿನ ನಡುವನ್ನೇ ಕೇಂದ್ರವೆಂದು ತಿಳಿದು ತಪ್ಪಾಗಿ ತಿದ್ದುತ್ತದೆ. ಆದ್ದರಿಂದ ಇಡೀ ಚಿತ್ರವನ್ನು ಮೊದಲು ತಿದ್ದಿ, ಆಮೇಲೆ ವಸ್ತುವನ್ನು ಬೇರ್ಪಡಿಸಬೇಕು.

ಕ್ಯಾಮೆರಾ ಅಥವಾ ಮೊಬೈಲ್ ಫೋನು ಈಗಾಗಲೇ ತಿದ್ದಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಅನೇಕ ಉಪಕರಣಗಳು ಜೆಪೆಗ್ ಕಡತವನ್ನು ಉಳಿಸುವಾಗಲೇ ಈ ಕೆಲಸ ಮುಗಿಸಿರುತ್ತವೆ. ಅಂತಹ ಚಿತ್ರವನ್ನು ಎರಡನೆಯ ಬಾರಿ ತಿದ್ದಿದರೆ ರೇಖೆಗಳು ಒಳಕ್ಕೆ ಬಾಗುತ್ತವೆ. ಇದಕ್ಕೆ ಸೂಜಿದಿಂಬು ವಿರೂಪವೆನ್ನುವರು.

## ತಿದ್ದುವ ಕ್ರಮ

ಡಾರ್ಕ್‌ಟೇಬಲ್, ರಾಥೆರಪಿ ಮುಂತಾದ ಮುಕ್ತ ತಂತ್ರಾಂಶಗಳು ಲೆನ್ಸ್‌ಫನ್ ಎಂಬ ದತ್ತಸಂಚಯವನ್ನು ಬಳಸುತ್ತವೆ. ಚಿತ್ರದ ಕಡತದಲ್ಲಿ ದಾಖಲಾಗಿರುವ ಕ್ಯಾಮೆರಾ, ಮಸೂರ ಮತ್ತು ಸಂಗಮದೂರದ ವಿವರಗಳನ್ನು ಓದಿ, ಆ ಮಸೂರಕ್ಕೆ ಮೊದಲೇ ಅಳೆದಿಟ್ಟ ಗುಣಾಂಕಗಳನ್ನು ಅವು ಅನ್ವಯಿಸುತ್ತವೆ. ವಿವರ ದೊರೆಯದ ಚಿತ್ರಗಳಲ್ಲಿ ನೇರವೆಂದು ಖಚಿತವಾಗಿ ತಿಳಿದ ಒಂದು ರೇಖೆಯಿಂದ ಗುಣಾಂಕವನ್ನು ಅಂದಾಜು ಮಾಡಬಹುದು.

ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ಸೂತ್ರ ಹೀಗಿದೆ:

```
Rsrc = r * (A*r^3 + B*r^2 + C*r + D)
```

ಇಲ್ಲಿ `r` ಎಂಬುದು ತಿದ್ದಿದ ಚಿತ್ರದಲ್ಲಿ ಕೇಂದ್ರದಿಂದ ಇರುವ ದೂರ, `Rsrc` ಎಂಬುದು ಮೂಲ ಚಿತ್ರದಲ್ಲಿ ಅದೇ ಬಿಂದು ಇರುವ ದೂರ. ಚಿತ್ರದ ಚಿಕ್ಕ ಬದಿಯ ಅರ್ಧವನ್ನು 1 ಎಂದು ಎಣಿಸಲಾಗುತ್ತದೆ. `D` ಬೆಲೆಯನ್ನು ಕೊಡದಿದ್ದರೆ ನಾಲ್ಕು ಗುಣಾಂಕಗಳ ಮೊತ್ತ 1 ಆಗುವಂತೆ ತಂತ್ರಾಂಶವೇ ಅದನ್ನು ಗೊತ್ತುಮಾಡುತ್ತದೆ. ಸಾಧಾರಣ ಪೀಪಾಯಿ ವಿರೂಪಕ್ಕೆ `B` ಒಂದೇ ಸಾಕಾಗುತ್ತದೆ. ಅದರ ಬೆಲೆ ಋಣವಾಗಿರಬೇಕು.

## ಒಂದು ಉದಾಹರಣೆ

ಚಿಕ್ಕ ಕೋಣೆಯೊಂದರಲ್ಲಿ 18 ಮಿ.ಮೀ. ಮಸೂರದಿಂದ, ಎದುರಿನ ಗೋಡೆಗೆ ನೇರವಾಗಿ ನಿಂತು ತೆಗೆದ ಮೇಜಿನ ಚಿತ್ರವಿದೆ ಎಂದಿಟ್ಟುಕೊಳ್ಳೋಣ. ಅದರ ಅಳತೆ 6000×4000 ಪಿಕ್ಸೆಲ್. ಹಾಗಾಗಿ 2000 ಪಿಕ್ಸೆಲ್ ಎಂದರೆ 1 ಮಾನ. ಗೋಡೆಯೂ ಚಾವಣಿಯೂ ಸೇರುವ ಅಂಚು ಕೇಂದ್ರದಿಂದ ಸುಮಾರು 1800 ಪಿಕ್ಸೆಲ್ ಮೇಲಿದೆ, ಅಂದರೆ 0.9 ಮಾನ. ಕೇಂದ್ರದಿಂದ ಎಡಬಲಕ್ಕೆ 2600 ಪಿಕ್ಸೆಲ್, ಅಂದರೆ 1.3 ಮಾನ ದೂರದಲ್ಲಿ ಆ ಅಂಚು ನಡುಭಾಗಕ್ಕಿಂತ 66 ಪಿಕ್ಸೆಲ್ ಕೆಳಗಿಳಿದಿದೆ, ಅಂದರೆ 0.033 ಮಾನ.

ಬಾಗನ್ನು ಎತ್ತರದಿಂದಲೂ, ಅಡ್ಡ ದೂರದ ವರ್ಗದಿಂದಲೂ ಭಾಗಿಸಿದರೆ `B` ಯ ಮೊದಲ ಅಂದಾಜು ದೊರೆಯುತ್ತದೆ: 0.033 ÷ (0.9 × 1.69) ≈ 0.022. ಈ ಲೆಕ್ಕವು ತುಸು ಹೆಚ್ಚಿನ ಬೆಲೆಯನ್ನೇ ಕೊಡುವುದರಿಂದ 0.02 ರಿಂದ ಆರಂಭಿಸಬಹುದು.

```
magick meju.jpg -distort Barrel "0 -0.02 0" neravada.png
```

ಫಲಿತಾಂಶದಲ್ಲಿ ಚಾವಣಿಯ ಅಂಚಿನ ಎರಡು ತುದಿಗಳನ್ನು ಸೇರಿಸುವ ನೇರ ಗೆರೆಯೊಂದನ್ನು ಎಳೆದು ಪರೀಕ್ಷಿಸಬೇಕು. ನಡುಭಾಗ ಇನ್ನೂ ಗೆರೆಯ ಮೇಲಿದ್ದರೆ ತಿದ್ದುವಿಕೆ ಸಾಲದು, ಕೆಳಗಿದ್ದರೆ ಅತಿಯಾಗಿದೆ. ತುದಿಗಳೂ ನಡುವೂ ಗೆರೆಯ ಮೇಲೆ ಕುಳಿತು, ಮಧ್ಯಂತರದಲ್ಲಿ ಅಂಚು ಅಲೆಯಂತೆ ಏರಿಳಿದರೆ ಆ ಮಸೂರಕ್ಕೆ ಒಂದೇ ಗುಣಾಂಕ ಸಾಲುವುದಿಲ್ಲ. ಅಳೆದಿಟ್ಟ ಗುಣಾಂಕಗಳನ್ನೇ ಬಳಸಬೇಕಾಗುತ್ತದೆ.

ಮೇಜು ಚಿತ್ರದ ಎಡ ಅಂಚಿನಲ್ಲಿದ್ದರೆ ಈಗ ಅದು ನೇರವಾಗಿದ್ದರೂ ಹಿಗ್ಗಿ ಕಾಣುತ್ತದೆ. ನಿಂತ ಜಾಗದಿಂದ ಕದಲದೆ ಕ್ಯಾಮೆರಾವನ್ನು ಮೇಜಿನತ್ತ ತಿರುಗಿಸಿದ್ದರೆ ದೊರೆಯುತ್ತಿದ್ದ ನೋಟವನ್ನು ಹ್ಯೂಗಿನ್ ತಂತ್ರಾಂಶದಲ್ಲಿ ಪಡೆಯಬಹುದು. ರೇಖೆಗಳು ನೇರಗೊಂಡ ಚಿತ್ರದಲ್ಲಿ ಮಾತ್ರ ಈ ತಿರುಗಿಸುವಿಕೆ ಕರಾರುವಾಕ್ಕಾಗಿರುತ್ತದೆ. ಎರಡು ಬದಲಾವಣೆಗಳನ್ನೂ ಒಂದೇ ಬಾರಿಗೆ ಮಾಡಿದರೆ ಚಿತ್ರದ ಸೂಕ್ಷ್ಮ ವಿವರಗಳು ಹೆಚ್ಚು ಮಸುಕಾಗುವುದಿಲ್ಲ.

## ಮಿತಿಗಳು

ಕ್ಯಾಮೆರಾ ಇದ್ದ ಜಾಗದಿಂದ ಉಂಟಾಗುವ ಪರಿಪ್ರೇಕ್ಷ್ಯವನ್ನು ಯಾವ ಮಸೂರ ತಿದ್ದುವಿಕೆಯೂ ಬದಲಿಸಲಾರದು. ಮೇಲಿನ ಮೇಜಿನ ಮುಂಭಾಗದ ಅಂಚು ಕ್ಯಾಮೆರಾದಿಂದ 1.2 ಮೀಟರ್ ದೂರದಲ್ಲಿಯೂ, ಹಿಂಭಾಗದ ಅಂಚು 1.8 ಮೀಟರ್ ದೂರದಲ್ಲಿಯೂ ಇದ್ದರೆ ಮುಂದಿನ ಅಂಚು ಹಿಂದಿನದಕ್ಕಿಂತ 1.5 ಪಟ್ಟು ಉದ್ದವಾಗಿ ಕಾಣುತ್ತದೆ. ಅಂಟಿಸಬೇಕಾದ ದೃಶ್ಯದಲ್ಲಿ ಅದೇ ಮೇಜು 4 ಮೀಟರ್ ದೂರದಲ್ಲಿರಬೇಕಾದರೆ ಈ ಅನುಪಾತ 4.6 ÷ 4, ಅಂದರೆ 1.15 ಮಾತ್ರ ಇರಬೇಕು. ಮೇಜಿನ ಹಲಗೆಯನ್ನು ಎಳೆದು ಇದಕ್ಕೆ ಹೊಂದಿಸಬಹುದಾದರೂ ಆಗ ಅದರ ಕಾಲುಗಳು ಹೊಂದುವುದಿಲ್ಲ. ಅಂತಹ ಸಂದರ್ಭದಲ್ಲಿ ಮೇಜನ್ನು 4 ಮೀಟರ್ ದೂರದಿಂದ, ಅದೇ ಎತ್ತರದಲ್ಲಿ ಕ್ಯಾಮೆರಾ ಇರಿಸಿ ಮತ್ತೆ ತೆಗೆಯುವುದೇ ಪರಿಹಾರ.

ಅಂಟಿಸಬೇಕಾದ ದೃಶ್ಯವೂ ವಿಶಾಲಕೋನದ್ದಾಗಿದ್ದರೆ ಅದನ್ನೂ ನೇರಗೊಳಿಸಿಕೊಂಡೇ ವಸ್ತುವನ್ನು ಅಂಟಿಸಬೇಕು. ಚಲನಚಿತ್ರದ ದೃಶ್ಯಪರಿಣಾಮಗಳಲ್ಲಿ ಇದೇ ಕ್ರಮವಿದೆ: ಮೂಲ ದೃಶ್ಯವನ್ನು ನೇರಗೊಳಿಸಿ, ವಸ್ತುಗಳನ್ನು ಸೇರಿಸಿ, ಕೊನೆಯಲ್ಲಿ ಮಸೂರದ ಮೂಲ ವಿರೂಪವನ್ನು ಇಡೀ ಚಿತ್ರಕ್ಕೆ ಮರಳಿ ಕೊಡಲಾಗುತ್ತದೆ. ಇದರಿಂದ ಸೇರಿಸಿದ ವಸ್ತುವೂ ದೃಶ್ಯವೂ ಒಂದೇ ಮಸೂರದ ಮೂಲಕ ಕಂಡಂತೆ ಬಾಗುತ್ತವೆ.