ಗ್ರೇಡ್ ಬೇರೆ, ಸ್ಟೇಜ್ ಬೇರೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಯಾವ ಊರಿನ ಸ್ಕ್ಯಾನಿಂಗ್ ಸೆಂಟರ್‌ನಿಂದ ರಿಪೋರ್ಟ್ ಬಂದರೂ ಕೊನೆಯ ಸಾಲಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಅಥವಾ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದಿರುತ್ತದೆ. ಹೊಟ್ಟೆನೋವಿಗೋ ಕಿಡ್ನಿ ಕಲ್ಲಿಗೋ ಸ್ಕ್ಯಾನ್ ಮಾಡಿಸಿದವರು ಆ ಸಾಲನ್ನು ಹಿಡಿದು ಬರುತ್ತಾರೆ. ಗ್ರೇಡ್ 1 ಎಂದಿದ್ದರೆ ನಿರಾಳ, 2 ಎಂದಿದ್ದರೆ ದಿಗಿಲು. ಇನ್ನು ಕೆಲವರು ಲಿವರ್ ಟಾನಿಕ್ ಬಾಟಲಿ ಖಾಲಿ ಮಾಡಿ, ಗ್ರೇಡ್ ಇಳಿದಿದೆಯೇ ಎಂದು ಆರು ತಿಂಗಳಿಗೊಮ್ಮೆ ಮತ್ತೆ ಸ್ಕ್ಯಾನ್ ಮಾಡಿಸುತ್ತಾರೆ. ಆ ಗ್ರೇಡ್ ಹೇಳುವುದು ಲಿವರ್‌ನಲ್ಲಿ ಕೊಬ್ಬು ಎಷ್ಟು ಬೆಳ್ಳಗೆ ಕಾಣುತ್ತಿದೆ ಎಂಬುದನ್ನು ಮಾತ್ರ. ಮನುಷ್ಯನ ಆಯಸ್ಸಿಗೆ ಕುತ್ತು ತರುವುದು ಕೊಬ್ಬಲ್ಲ, ನಾರುಗಟ್ಟುವಿಕೆ. ಮಾಮೂಲಿ ಸ್ಕ್ಯಾನ್‌ನಲ್ಲಿ ಅದು ಬಹಳ ತಡವಾಗಿ ಕಾಣುತ್ತದೆ.

ಕುಡಿಯದವರ ಲಿವರ್ ಕೂಡ ಕುಡುಕರ ಲಿವರ್‌ನಂತೆಯೇ ಕೆಡಬಲ್ಲದು ಎಂದು ಅಮೆರಿಕದ ಮೇಯೊ ಕ್ಲಿನಿಕ್‌ನ ಲುಡ್ವಿಗ್ ಮತ್ತು ಸಂಗಡಿಗರು 1980ರಲ್ಲಿ ಬರೆದರು. ಹಂತಗಳ ಲೆಕ್ಕ ಆಮೇಲೆ ಬಂತು. ಮೊದಲು ಜೀವಕೋಶಗಳಲ್ಲಿ ಕೊಬ್ಬು ಸೇರುತ್ತದೆ. ಕೆಲವರಲ್ಲಿ ಅದರ ಜೊತೆಗೆ ಉರಿಯೂತ ಶುರುವಾಗಿ ಕೋಶಗಳು ಊದಿಕೊಂಡು ಸಾಯುತ್ತವೆ. ಸತ್ತ ಜಾಗದಲ್ಲಿ ನಾರು ಬೆಳೆಯುತ್ತದೆ. ನಾರಿನ ಈ ಬೆಳವಣಿಗೆಗೆ F0ಯಿಂದ F4ರವರೆಗೆ ಅಂಕಿ. F3ರಲ್ಲಿ ನಾರಿನ ಎಳೆಗಳು ಒಂದಕ್ಕೊಂದು ಸೇತುವೆ ಕಟ್ಟುತ್ತವೆ, F4 ಎಂದರೆ ಸಿರೋಸಿಸ್. ಬರೀ ಕೊಬ್ಬಿರುವವರು ಒಂದು ಹಂತ ಮೇಲೇರಲು ಸರಾಸರಿ 14 ವರ್ಷ ಬೇಕು, ಉರಿಯೂತವೂ ಇದ್ದರೆ 7 ವರ್ಷ ಸಾಕು. ರೋಗಿಗಳನ್ನು ದಶಕಗಟ್ಟಲೆ ಹಿಂಬಾಲಿಸಿದ ಎರಡು ಅಧ್ಯಯನಗಳು 2015ರಲ್ಲಿ ಹೊರಬಂದವು. ಯಾರು ಬೇಗ ಸಾಯುತ್ತಾರೆ ಎಂಬುದನ್ನು ತೀರ್ಮಾನಿಸಿದ್ದು ನಾರಿನ ಹಂತವೇ ಎಂದು ಎರಡೂ ಹೇಳಿದವು.

ನಾವು ಎಂ.ಡಿ. ಓದುವ ಕಾಲಕ್ಕೆ ನಾರನ್ನು ಅಳೆಯಲು ಇದ್ದದ್ದು ಬಯಾಪ್ಸಿ ಒಂದೇ. ಪಕ್ಕೆಲುಬಿನ ನಡುವೆ ಸೂಜಿ ಚುಚ್ಚಿ ಲಿವರ್‌ನ ಎಳೆಯೊಂದನ್ನು ತೆಗೆಯುವುದು, ರಕ್ತಸ್ರಾವವಾದೀತೆಂದು ರೋಗಿಯನ್ನು ಗಂಟೆಗಟ್ಟಲೆ ಮಲಗಿಸಿ ಕಾಯುವುದು. ಆ ಎಳೆ ಇಡೀ ಲಿವರ್‌ನ ಐವತ್ತು ಸಾವಿರದಲ್ಲಿ ಒಂದು ಪಾಲು. ಎಡಕ್ಕೆ ಚುಚ್ಚಿದರೆ F1, ಬಲಕ್ಕೆ ಚುಚ್ಚಿದರೆ F2 ಆಗುವುದೂ ಉಂಟು. ಅದನ್ನೇ ಕೊನೆಯ ಮಾತು ಎಂದು ನಂಬಿದ್ದೆವು.

2003ರಲ್ಲಿ ಫ್ರಾನ್ಸ್‌ನಿಂದ ಫೈಬ್ರೋಸ್ಕ್ಯಾನ್ ಬಂತು. ಹಲಸಿನಹಣ್ಣನ್ನು ಬೆರಳಲ್ಲಿ ತಟ್ಟಿ ನೋಡುವ ಹಾಗೆ ಈ ಯಂತ್ರ ಪಕ್ಕೆಯ ಮೇಲೆ ಮೆಲ್ಲಗೆ ತಟ್ಟುತ್ತದೆ. ತಟ್ಟಿದ ಅಲೆ ಗಟ್ಟಿ ಲಿವರ್‌ನಲ್ಲಿ ಬೇಗ ಓಡುತ್ತದೆ. ಆ ವೇಗದಿಂದ ಗಡಸುತನವನ್ನು ಕಿಲೋಪ್ಯಾಸ್ಕಲ್‌ನಲ್ಲಿ ಲೆಕ್ಕ ಹಾಕುತ್ತಾರೆ. 8ರ ಒಳಗಿದ್ದರೆ ಮುಂದುವರಿದ ನಾರು ಇರುವ ಸಂಭವ ಕಡಿಮೆ, 12 ದಾಟಿದರೆ ಲಿವರ್ ತಜ್ಞರನ್ನು ಕಾಣಲೇಬೇಕು. ಒಳ್ಳೆಯ ಯಂತ್ರ, ಆದರೆ ಅದಕ್ಕೂ ಶಿಸ್ತು ಬೇಕು. ಕನಿಷ್ಠ ಮೂರು ಗಂಟೆ ಹೊಟ್ಟೆ ಖಾಲಿ ಇರಬೇಕು, ಹತ್ತು ಸಲ ಅಳೆಯಬೇಕು, ದಪ್ಪಗಿರುವವರಿಗೆ ಬೇರೆ ಪ್ರೋಬ್ ಬೇಕು. ಊಟವಾದ ಮೇಲೆ ಲಿವರ್‌ಗೆ ರಕ್ತದ ಹರಿವು ಹೆಚ್ಚಿ ಅಂಕಿ ಸುಳ್ಳುಸುಳ್ಳೇ ಏರುತ್ತದೆ. ಕಾಮಾಲೆ ಇದ್ದಾಗ, ಹೃದಯ ಸೋತಾಗಲೂ ಹಾಗೆಯೇ. ಕಲ್ಯಾಣ ಮಂಟಪದ ಉಚಿತ ಶಿಬಿರಕ್ಕೆ ಇಡ್ಲಿ-ವಡೆ ತಿಂದು ಬಂದವರಿಗೆ ಈ ಯಂತ್ರ ಇಟ್ಟು ಕೊಡುವ ಅಂಕಿಯನ್ನು ನಾನು ನಂಬುವುದಿಲ್ಲ.

ನನಗೆ ಮೆಚ್ಚುಗೆಯಾದದ್ದು ಯಂತ್ರವಿಲ್ಲದ ದಾರಿ. ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಎರಡೂ ಇದ್ದ ರೋಗಿಗಳಿಗಾಗಿ ಸ್ಟರ್ಲಿಂಗ್ ಮತ್ತು ಸಂಗಡಿಗರು 2006ರಲ್ಲಿ ಒಂದು ಲೆಕ್ಕ ಕೊಟ್ಟರು. ಅದು ಫ್ಯಾಟಿ ಲಿವರ್‌ಗೂ ಹೊಂದುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

FIB-4 = (ವಯಸ್ಸು × SGOT) ÷ (ಪ್ಲೇಟ್‌ಲೆಟ್ × √SGPT)

ಇದರ ಹಿಂದೆ ಶರೀರದ ತರ್ಕವಿದೆ. ನಾರು ಬೆಳೆದಂತೆ ಲಿವರ್‌ನೊಳಗೆ ರಕ್ತ ಸರಾಗವಾಗಿ ಹರಿಯದೆ ಒತ್ತಡ ಹಿಂದಕ್ಕೆ ಬೀಳುತ್ತದೆ. ಗುಲ್ಮ ಊದಿ ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದಲ್ಲಿ ಅವು ಕಡಿಮೆಯಾಗುತ್ತವೆ. SGOTಯನ್ನು ರಕ್ತದಿಂದ ತೆಗೆದುಹಾಕುವ ಕೆಲಸವೂ ನಿಧಾನವಾಗಿ, ಅದು SGPTಯನ್ನು ಮೀರತೊಡಗುತ್ತದೆ.

ಎರಡು ಮಾದರಿ ಲೆಕ್ಕ ಹಾಕಿ ನೋಡೋಣ. ರಾಮನಗರದ ಗೂಡಿನ ಮಾರುಕಟ್ಟೆಗೆ ಬರುವ, ತೆಳ್ಳಗಿರುವ 58ರ ರೈತ, ಹತ್ತು ವರ್ಷದ ಸಕ್ಕರೆ ಕಾಯಿಲೆ. ಸ್ಕ್ಯಾನ್‌ನಲ್ಲಿ ಗ್ರೇಡ್ 1. SGOT 48, SGPT 36, ಪ್ಲೇಟ್‌ಲೆಟ್ 1.6 ಲಕ್ಷ. 58ನ್ನು 48ರಿಂದ ಗುಣಿಸಿದರೆ 2,784. ಪ್ಲೇಟ್‌ಲೆಟ್ಟನ್ನು ಸಾವಿರದ ಲೆಕ್ಕದಲ್ಲಿ ಹಾಕಬೇಕು, ಅಂದರೆ 160. 36ರ ವರ್ಗಮೂಲ 6, ಎರಡರ ಗುಣಲಬ್ಧ 960. ಭಾಗಿಸಿದರೆ 2.9. ಇನ್ನೊಬ್ಬರು ಬಿಡದಿಯ ಕಾರ್ಖಾನೆಯ 38ರ ನೌಕರ, ದಪ್ಪ ಹೊಟ್ಟೆ, ಗ್ರೇಡ್ 2. SGOT 40, SGPT 64, ಪ್ಲೇಟ್‌ಲೆಟ್ 2.5 ಲಕ್ಷ. ಉತ್ತರ 0.76.

1.3ಕ್ಕಿಂತ ಕಡಿಮೆ ಇದ್ದರೆ ಮುಂದುವರಿದ ನಾರು ಇರುವ ಸಂಭವ ಬಹಳ ಕಮ್ಮಿ, 2.67 ದಾಟಿದರೆ ಹೆಚ್ಚು. ಹಾಗಾಗಿ ದಿಗಿಲುಬಿದ್ದ ನೌಕರ ತೂಕ ಇಳಿಸಿಕೊಂಡು ಒಂದೆರಡು ವರ್ಷ ಬಿಟ್ಟು ಲೆಕ್ಕ ಮತ್ತೆ ನೋಡಿದರೆ ಸಾಕು. ನಿರಾಳವಾಗಿ ಮನೆಗೆ ಹೋದ ರೈತನೇ ತಜ್ಞರ ಹತ್ತಿರ ಹೋಗಬೇಕಾದವನು. ನಾರು ಬಲಿತಂತೆ ಲಿವರ್‌ನ ಕೊಬ್ಬು ಕರಗುವುದುಂಟು. ಅಂಥವರಲ್ಲಿ ಗ್ರೇಡ್ ಇಳಿಯುತ್ತಿರುವಾಗಲೇ ಕಾಯಿಲೆ ಏರುತ್ತಿರುತ್ತದೆ. 1.3ರಿಂದ 2.67ರ ನಡುವೆ ಬಂದವರಿಗೆ ಫೈಬ್ರೋಸ್ಕ್ಯಾನ್ ಬೇಕು. ಯಂತ್ರದ ನಿಜವಾದ ಜಾಗ ಅದು, ಶಿಬಿರವಲ್ಲ.

ಈ ಲೆಕ್ಕವೂ ಮೋಸ ಮಾಡುತ್ತದೆ. 35ರ ಒಳಗಿನವರಲ್ಲಿ ನಂಬಲಾಗದು. 65 ದಾಟಿದವರಲ್ಲಿ ವಯಸ್ಸೇ ಅಂಕಿಯನ್ನು ಮೇಲೆತ್ತುವುದರಿಂದ ಕೆಳಗಿನ ಗಡಿಯನ್ನು 1.3ರ ಬದಲು 2 ಎಂದು ಹಿಡಿಯಬೇಕು. ಮಳೆಗಾಲದಲ್ಲಿ ಡೆಂಗಿ ಬಂದವರ ಪ್ಲೇಟ್‌ಲೆಟ್ ಇಳಿದು SGOT ಏರಿರುತ್ತದೆ, ಆ ವಾರದ ರಿಪೋರ್ಟ್ ಹಿಡಿದು ಲೆಕ್ಕ ಹಾಕಿದರೆ ಆರೋಗ್ಯವಂತನೂ ಸಿರೋಸಿಸ್ ರೋಗಿಯಾಗುತ್ತಾನೆ. ಕುಡಿಯುವವರಲ್ಲಿ SGOT ಬೇರೆಯೇ ಕಾರಣಕ್ಕೆ ಏರುತ್ತದೆ. ‘ಅವಾಗವಾಗ ಸಾರ್’ ಎಂಬ ಉತ್ತರಕ್ಕೆ ತೃಪ್ತಿಪಡದೆ ವಾರಕ್ಕೆ ಎಷ್ಟು ಕ್ವಾರ್ಟರ್ ಎಂದು ಕೇಳಬೇಕು.

ಫ್ಯಾಟಿ ಲಿವರ್ ಅನ್ನು ಭಾರತ 2021ರಲ್ಲೇ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮಕ್ಕೆ ಸೇರಿಸಿತು. 2023ರಲ್ಲಿ ಜಾಗತಿಕ ತಜ್ಞರು ಕಾಯಿಲೆಯ ಹೆಸರನ್ನೇ ಬದಲಿಸಿದರು, ಅದಕ್ಕೆ ಸಮ್ಮೇಳನಗಳಲ್ಲಿ ವ್ಯಯವಾದ ಮಾತು ಕಡಿಮೆಯಲ್ಲ. 2024ರಲ್ಲಿ ಅಮೆರಿಕ F2, F3 ಹಂತದವರಿಗೆ ರೆಸ್ಮೆಟಿರಾಮ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಾಗ ಬಯಾಪ್ಸಿ ಆಗಿರಲೇಬೇಕೆಂದು ಷರತ್ತು ಹಾಕಲಿಲ್ಲ. ಆದರೆ ನಾವು ಬಳಸುವ 1.3, 2.67 ಎಂಬ ಗಡಿಗಳು ಹೊರನಾಡಿನ ರೋಗಿಗಳಿಂದ ಬಂದವು. ತೆಳ್ಳಗಿದ್ದೂ ಫ್ಯಾಟಿ ಲಿವರ್ ಇರುವವರು ನಮ್ಮಲ್ಲಿ ಹೆಚ್ಚು. ಪಶ್ಚಿಮ ಬಂಗಾಳದ ಹಳ್ಳಿಗಳ ಅಧ್ಯಯನವೊಂದು 2010ರಲ್ಲೇ ಇದನ್ನು ತೋರಿಸಿತು. ನಮ್ಮ ರೇಷ್ಮೆ ಸೀಮೆಯ ಹಳ್ಳಿಗಳಲ್ಲೂ ಅಂಥ ಎಣಿಕೆ ಆಗಬೇಕು.

ಅಲ್ಲಿಯವರೆಗೆ ಕಾಯಬೇಕಿಲ್ಲದ ಕೆಲಸವೊಂದಿದೆ. ಸಕ್ಕರೆ ಕಾಯಿಲೆಯವರ ಫೈಲಿನಲ್ಲಿ SGOT, SGPT, ಪ್ಲೇಟ್‌ಲೆಟ್ ಬಹುಮಟ್ಟಿಗೆ ಇದ್ದೇ ಇರುತ್ತವೆ. ವಯಸ್ಸು ರಿಪೋರ್ಟಿನ ಮೇಲೆಯೇ ಅಚ್ಚಾಗಿರುತ್ತದೆ. ನಾಲ್ಕೂ ತಾಲ್ಲೂಕುಗಳ ಲ್ಯಾಬ್‌ನವರು ಒಂದೇ ದಿನ ತೆಗೆದ ರಕ್ತದ ಈ ಅಂಕಿಗಳ ಕೆಳಗೆ FIB-4 ಅನ್ನೂ ಅಚ್ಚು ಹಾಕಲಿ. ರೋಗಿಯಿಂದ ಹೆಚ್ಚಿನ ರಕ್ತವೂ ಬೇಡ, ಹೆಚ್ಚಿನ ದುಡ್ಡೂ ಬೇಡ.