ಆರೋಪಿಯ ಎರಡು ರಕ್ಷೆಗಳು

ಪೌರನೀತಿಯ ಪಾಠದಲ್ಲಿ ಮೂಲಭೂತ ಹಕ್ಕುಗಳನ್ನು ಓದುವಾಗ ಸಂವಿಧಾನದ 20ನೆಯ ವಿಧಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಒಂದೇ ಅಪರಾಧಕ್ಕೆ ಯಾರನ್ನೂ ಎರಡು ಬಾರಿ ವಿಚಾರಣೆಗೆ ಗುರಿಪಡಿಸಿ ಶಿಕ್ಷಿಸುವಂತಿಲ್ಲ. ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತಪಡಿಸುವಂತಿಲ್ಲ. ಓದಲು ಸರಳವಾದ ಈ ಮಾತುಗಳ ವ್ಯಾಪ್ತಿ ಎಲ್ಲಿಯವರೆಗೆ ಎಂಬುದು ಮಾತ್ರ ಮೊಕದ್ದಮೆಗಳಲ್ಲಿಯೇ ತಿಳಿದುಬಂದಿತು.

1949ರ ನವೆಂಬರ್ ತಿಂಗಳಿನಲ್ಲಿ ಮಕ್ಬೂಲ್ ಹುಸೇನ್ ಎಂಬ ಪ್ರಯಾಣಿಕರು ಜೆಡ್ಡಾದಿಂದ ಮುಂಬಯಿಯ ಸಾಂತಾಕ್ರೂಜ್ ವಿಮಾನನಿಲ್ದಾಣದಲ್ಲಿ ಬಂದಿಳಿದರು. ತಮ್ಮಲ್ಲಿ ಚಿನ್ನವಿರುವುದನ್ನು ಅವರು ತಿಳಿಸಿರಲಿಲ್ಲ. ತಪಾಸಣೆಯಲ್ಲಿ 107.2 ತೊಲ, ಅಂದರೆ ಸುಮಾರು ಒಂದೂಕಾಲು ಕಿಲೋ ಚಿನ್ನ ಸಿಕ್ಕಿತು. ಸುಂಕದ ಅಧಿಕಾರಿಗಳು ಅದನ್ನು ಮುಟ್ಟುಗೋಲು ಹಾಕಿಕೊಂಡು, ಬೇಕಿದ್ದರೆ 12,000 ರೂಪಾಯಿ ದಂಡ ತೆತ್ತು ಬಿಡಿಸಿಕೊಳ್ಳಬಹುದೆಂದರು. ಯಾರೂ ಬಿಡಿಸಿಕೊಳ್ಳಲಿಲ್ಲ. 1950ರ ಮಾರ್ಚ್‌ನಲ್ಲಿ ಅದೇ ಚಿನ್ನಕ್ಕಾಗಿ, ವಿದೇಶಿ ವಿನಿಮಯ ಕಾಯಿದೆಯಡಿ, ಮ್ಯಾಜಿಸ್ಟ್ರೇಟರ ಮುಂದೆ ಅವರ ಮೇಲೆ ಮೊಕದ್ದಮೆ ಹೂಡಲಾಯಿತು.

ಚಿನ್ನ ಹೋದದ್ದೇ ಶಿಕ್ಷೆ, ಇದು ಎರಡನೆಯದು ಎಂಬುದು ಅವರ ವಾದ. ಸರ್ವೋಚ್ಚ ನ್ಯಾಯಾಲಯ 1953ರಲ್ಲಿ ಅದನ್ನು ಒಪ್ಪಲಿಲ್ಲ. ಸುಂಕದ ಅಧಿಕಾರಿ ನ್ಯಾಯಾಲಯವಲ್ಲ. ಪ್ರಮಾಣವಚನದ ಮೇಲೆ ಸಾಕ್ಷ್ಯ ಪಡೆದು ತೀರ್ಪು ನೀಡಬೇಕೆಂಬ ಕಟ್ಟುಪಾಡು ಅವನಿಗಿಲ್ಲ. ಆದ್ದರಿಂದ ಮೊದಲು ನಡೆದುದು ಸಂವಿಧಾನ ಹೇಳುವ 'ವಿಚಾರಣೆ'ಯೂ ಅಲ್ಲ, 'ಶಿಕ್ಷೆ'ಯೂ ಅಲ್ಲ ಎಂದಿತು. ಇಲಾಖೆಯ ದಂಡವೂ ನ್ಯಾಯಾಲಯದ ಮೊಕದ್ದಮೆಯೂ ಒಟ್ಟಿಗೆ ಬರಬಹುದೆಂಬ ನಿಯಮ ನಿಂತದ್ದು ಹೀಗೆ. ಇನ್ನೊಂದು ಮಾತು: ವಿಚಾರಣೆ ನಡೆದು ಬಿಡುಗಡೆಯಾದವನಿಗೆ ಈ ವಿಧಿಯಿಂದ ರಕ್ಷೆಯಿಲ್ಲ, ಏಕೆಂದರೆ ಅವನಿಗೆ ಶಿಕ್ಷೆಯೇ ಆಗಿಲ್ಲ. ಅವನನ್ನು ಕಾಯುವುದು ದಂಡಪ್ರಕ್ರಿಯೆಯ ಕಾನೂನು.

ಎರಡನೆಯ ರಕ್ಷೆಗೂ ಮೇರೆಯುಂಟು. ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ತನ್ನ ವಿರುದ್ಧ ಸಾಕ್ಷಿ ನುಡಿದಂತಲ್ಲವೆಂದು 1961ರಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಹೇಳಿತು. ಬೆರಳ ಗೆರೆಯನ್ನು ಯಾರೂ ಮನಸ್ಸಿನಿಂದ ಹೊರತೆಗೆಯುವುದಿಲ್ಲ. ಹೋಲಿಸಿ ನೋಡಲಷ್ಟೇ ಅದು ಬೇಕು.

ಹಾಗಾದರೆ ಮದ್ದು ಚುಚ್ಚಿ ಅರೆಪ್ರಜ್ಞೆಯಲ್ಲಿ ಬಾಯಿ ಬಿಡಿಸಿದರೆ? ನಮ್ಮ ಬೆಂಗಳೂರಿನ ಪ್ರಯೋಗಾಲಯವು ಇಂಥ ಮಂಪರು ಪರೀಕ್ಷೆಗಳಿಗೆ ಹೆಸರಾಗಿತ್ತು. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ, 2010ರ ಮೇ 5ರಂದು, ಸರ್ವೋಚ್ಚ ನ್ಯಾಯಾಲಯ ಉತ್ತರ ಕೊಟ್ಟಿತು. ಮದ್ದು ಹೊರಡಿಸುವುದು ಮೈಯ ಗುರುತನ್ನಲ್ಲ, ಮನಸ್ಸಿನಲ್ಲಿರುವ ಅರಿವನ್ನು. ಮಾತನಾಡಬೇಕೋ ಬೇಡವೋ ಎಂಬ ಆಯ್ಕೆಯನ್ನೇ ಅದು ಕಸಿಯುತ್ತದೆ. ಆದುದರಿಂದ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಹಾಗೂ ಮೆದುಳಿನ ಅಲೆಗಳ ಪರೀಕ್ಷೆ ಕೂಡದು. ಒಪ್ಪಿ ಮಾಡಿಸಿಕೊಂಡರೂ ಅಲ್ಲಿ ಆಡಿದ ಮಾತೇ ಸಾಕ್ಷ್ಯವಾಗದು; ಅದರಿಂದ ಮುಂದೆ ಪತ್ತೆಯಾದ ವಸ್ತುವನ್ನು ಕಾನೂನಿನಂತೆ ಪರಿಗಣಿಸಬಹುದು.

ಪತ್ರಿಕೆಯಲ್ಲಿ 'ಆರೋಪಿ ಬಾಯಿ ಬಿಟ್ಟ' ಎಂಬ ತಲೆಬರಹ ಕಂಡಾಗ, ಯಾರ ಮುಂದೆ, ಯಾರ ಇಚ್ಛೆಯಿಂದ ಎಂದು ಕೇಳಿಕೊಳ್ಳಿರಿ. ಈ ವಿಧಿ ಕೇಳುವುದೂ ಅದನ್ನೇ.